ಗೆದ್ದವರ ಗೆಲುವು ರದ್ದಾಗುವುದು ಯಾವಾಗ?

ಮತ ಎಣಿಕೆ ಮುಗಿದ ರಾತ್ರಿ ಸೋತವರ ಮನೆಯ ಮುಂದೆ ಕೇಳಿಬರುವ ಮಾತು ಒಂದೇ: 'ಕೋರ್ಟಿಗೆ ಹೋಗೂಣ.' ಹಾಗೆ ಹೇಳಿದವರಲ್ಲಿ ನಿಜವಾಗಿ ಹೋಗುವವರು ಕೆಲವರು. ಹೋದವರಲ್ಲಿ ಬಹಳಷ್ಟು ಮಂದಿಯ ಅರ್ಜಿ ಸಾಕ್ಷಿ ಹೇಳುವ ಹಂತಕ್ಕೂ ಬರದೆ ಬಿದ್ದುಹೋಗುತ್ತದೆ. ಆರೋಪ ಸುಳ್ಳಾಗಿತ್ತು ಎಂಬುದೇ ಅದಕ್ಕೆ ಕಾರಣವಾಗಬೇಕಿಲ್ಲ. ಆರೋಪವನ್ನು ಎಲ್ಲಿ, ಎಷ್ಟು ದಿನದೊಳಗೆ, ಯಾರನ್ನು ಎದುರಾಳಿ ಮಾಡಿ, ಯಾವ ಮಾತಿನಲ್ಲಿ ಬರೆಯಬೇಕು ಎಂಬುದನ್ನು ಕಾನೂನು ಬಹಳ ಬಿಗಿಯಾಗಿ ಹೇಳಿದೆ. ಅದರಲ್ಲಿ ಎಡವಿದವರಿಗೆ ಎರಡನೇ ಅವಕಾಶ ಸಿಗುವುದು ಅಪರೂಪ.

ಜಮಖಂಡಿ ಉಪವಿಭಾಗವನ್ನೇ ಇಟ್ಟುಕೊಂಡು ನೋಡೋಣ. ಇಲ್ಲಿ ನಾಲ್ಕು ವಿಧಾನಸಭಾ ಕ್ಷೇತ್ರಗಳಿವೆ: ಪರಿಶಿಷ್ಟ ಜಾತಿಗೆ ಮೀಸಲಾದ ಮುಧೋಳ, ರಬಕವಿ-ಬನಹಟ್ಟಿಯನ್ನು ಒಳಗೊಂಡ ತೇರದಾಳ, ಜಮಖಂಡಿ ಮತ್ತು ಬೀಳಗಿ. 2023ರ ವಿಧಾನಸಭಾ ಚುನಾವಣೆಯ ಫಲಿತಾಂಶ ಬಂದದ್ದು ಮೇ 13ರಂದು. ಗೆದ್ದವರ ಆಯ್ಕೆ ಘೋಷಣೆಯಾದ ದಿನದಿಂದ 45 ದಿನದೊಳಗೆ ಚುನಾವಣಾ ತಕರಾರು ಅರ್ಜಿ ಸಲ್ಲಿಸಬೇಕು ಎನ್ನುತ್ತದೆ 1951ರ ಪ್ರಜಾಪ್ರತಿನಿಧಿ ಕಾಯ್ದೆಯ 81ನೇ ಕಲಂ. ಅಂದರೆ ಈ ನಾಲ್ಕೂ ಕ್ಷೇತ್ರಗಳಿಗೆ ಕೊನೆಯ ದಿನ ಜೂನ್ 27. ಮರುದಿನ ಹೋಗಿ, ತಾಯಿಗೆ ಹುಷಾರಿರಲಿಲ್ಲ, ವಕೀಲರು ಊರಲ್ಲಿರಲಿಲ್ಲ ಎಂದರೆ ನಡೆಯುವುದಿಲ್ಲ. ಉಳಿದ ದಾವೆಗಳಲ್ಲಿ ತಡವಾದದ್ದಕ್ಕೆ ಕಾರಣ ಕೊಟ್ಟು ಕ್ಷಮೆ ಕೇಳುವ ದಾರಿ ಇರುತ್ತದೆ. ಚುನಾವಣಾ ಅರ್ಜಿಗೆ ಅದು ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1974ರಲ್ಲೇ ಹುಕುಮದೇವ್ ನಾರಾಯಣ ಯಾದವ್ ಪ್ರಕರಣದಲ್ಲಿ ಹೇಳಿಬಿಟ್ಟಿದೆ. ಕೊನೆಯ ದಿನ ನ್ಯಾಯಾಲಯ ಮುಚ್ಚಿದ್ದರೆ ಮಾತ್ರ ತೆರೆದ ದಿನವೇ ಸಲ್ಲಿಸಬಹುದು. ನಡುವೆ ಬರುವ ಬೇಸಿಗೆ ರಜೆ ಈ 45ರಲ್ಲೇ ಕರಗುತ್ತದೆ.

ಎಲ್ಲಿ ಸಲ್ಲಿಸಬೇಕು? ಜಮಖಂಡಿಯ ನ್ಯಾಯಾಲಯದಲ್ಲಲ್ಲ, ಬಾಗಲಕೋಟೆಯ ಜಿಲ್ಲಾ ನ್ಯಾಯಾಲಯದಲ್ಲೂ ಅಲ್ಲ. ಶಾಸಕ, ಸಂಸದರ ಚುನಾವಣೆಯ ತಕರಾರನ್ನು ವಿಚಾರಣೆ ಮಾಡುವುದು ಹೈಕೋರ್ಟ್ ಮಾತ್ರ, ಅದರಲ್ಲೂ ಸಾಮಾನ್ಯವಾಗಿ ಒಬ್ಬರೇ ನ್ಯಾಯಮೂರ್ತಿ. ಬಾಗಲಕೋಟೆ ಜಿಲ್ಲೆ ಧಾರವಾಡ ಪೀಠದ ವ್ಯಾಪ್ತಿಗೆ ಬರುತ್ತದೆ. ಅರ್ಜಿ ಸಲ್ಲಿಸಲು ಇಬ್ಬರಿಗೆ ಹಕ್ಕಿದೆ: ಆ ಚುನಾವಣೆಯ ಅಭ್ಯರ್ಥಿಗೆ ಮತ್ತು ಆ ಕ್ಷೇತ್ರದ ಮತದಾರನಿಗೆ. ಮತ ಹಾಕಿರಲೇಬೇಕು ಎಂದೇನಿಲ್ಲ, ಹಾಕುವ ಹಕ್ಕಿದ್ದರೆ ಸಾಕು. ಖರ್ಚಿನ ಭದ್ರತೆಯಾಗಿ ಹೈಕೋರ್ಟಿನಲ್ಲಿ 2,000 ರೂಪಾಯಿ ಠೇವಣಿ ಇಡಬೇಕು. ಮೊತ್ತ ಸಣ್ಣದು, ಆದರೆ ಅರ್ಜಿಯ ಜತೆಗೇ ಇಡದಿದ್ದರೆ ಅದೊಂದೇ ಕಾರಣಕ್ಕೆ ಅರ್ಜಿ ವಜಾ.

ಚುನಾವಣೆ ನಡೆಯುತ್ತಿರುವಾಗಲೇ ಹೈಕೋರ್ಟಿಗೆ ರಿಟ್ ಹಾಕಿ ತಡೆ ತರಬಹುದಲ್ಲ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಸಂವಿಧಾನದ 329(ಬಿ) ವಿಧಿ ಅದಕ್ಕೆ ಅಡ್ಡ ಬರುತ್ತದೆ. ಚುನಾವಣೆಯನ್ನು ಪ್ರಶ್ನಿಸುವುದಿದ್ದರೆ ತಕರಾರು ಅರ್ಜಿಯ ಮೂಲಕವೇ ಪ್ರಶ್ನಿಸಬೇಕು. ನಾಮಪತ್ರ ತಿರಸ್ಕೃತವಾದವನೂ ಫಲಿತಾಂಶ ಬರುವ ತನಕ ಕಾಯಬೇಕು ಎಂದು 1952ರ ಪೊನ್ನುಸ್ವಾಮಿ ತೀರ್ಪು ಹೇಳಿತು. ಅದು ಗಣರಾಜ್ಯದ ಮೊದಲ ಮಹಾಚುನಾವಣೆಯಲ್ಲೇ ಎದ್ದ ಪ್ರಶ್ನೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಗೆಲುವನ್ನು ರದ್ದು ಮಾಡುವ ಕಾರಣಗಳು 100ನೇ ಕಲಂನಲ್ಲಿವೆ. ಅವನ್ನು ಬಾಯಿಪಾಠ ಮಾಡುವ ಬದಲು ಒಂದೇ ಪ್ರಶ್ನೆ ಇಟ್ಟುಕೊಂಡು ಓದಿದರೆ ಪೂರ್ತಿ ಕಲಂ ಬಿಚ್ಚಿಕೊಳ್ಳುತ್ತದೆ: ಗೆಲುವಿನ ಅಂತರ ಇಲ್ಲಿ ಲೆಕ್ಕಕ್ಕೆ ಬರುತ್ತದೆಯೋ ಇಲ್ಲವೋ?

2018ರಲ್ಲಿ ಜಮಖಂಡಿಯಲ್ಲಿ ಸಿದ್ದು ನ್ಯಾಮಗೌಡರು ಗೆದ್ದದ್ದು 2,795 ಮತಗಳಿಂದ. ಆ ಚುನಾವಣೆಯ ಬಗ್ಗೆ ಯಾವ ಆರೋಪವನ್ನೂ ಇಲ್ಲಿ ಮಾಡುತ್ತಿಲ್ಲ, ಲೆಕ್ಕ ತಿಳಿಯಲಿ ಎಂದು ಅಂಕಿಯನ್ನಷ್ಟೇ ಎರವಲು ಪಡೆಯುತ್ತೇನೆ. ಇಂಥ ಅಂತರವಿರುವ ಕಡೆ ಸೋತವರು ಸತ್ತವರ ಹೆಸರಿನಲ್ಲಿ, ಎರಡೆರಡು ಕಡೆ ಹೆಸರಿದ್ದವರ ಹೆಸರಿನಲ್ಲಿ 1,000 ಮತ ಬಿದ್ದಿವೆ ಎಂದು ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡಿದರು ಎನ್ನಿ. ಅಷ್ಟೂ ಮತ ಗೆದ್ದವರಿಗೇ ಬಿದ್ದಿತ್ತು ಎಂದು ಒಪ್ಪಿಕೊಂಡರೂ ಇನ್ನೂ 1,795 ಉಳಿಯುತ್ತದೆ. ಅರ್ಜಿ ಬಿತ್ತು. ಅಕ್ರಮ ಮತ, ತಪ್ಪಾಗಿ ತಿರಸ್ಕರಿಸಿದ ಮತ, ಕಾನೂನು ಅಥವಾ ನಿಯಮದ ಉಲ್ಲಂಘನೆ ಇವೆಲ್ಲ 100(1)(ಡಿ)ಯ ಗುಂಪಿಗೆ ಸೇರಿದವು. ಈ ಗುಂಪಿನಲ್ಲಿ ತಪ್ಪು ನಡೆದಿದೆ ಎಂದಷ್ಟೇ ತೋರಿಸಿದರೆ ಸಾಲದು, ಆ ತಪ್ಪಿನಿಂದ ಗೆದ್ದವರ ಫಲಿತಾಂಶದ ಮೇಲೆ ಗಣನೀಯ ಪರಿಣಾಮವಾಗಿದೆ ಎಂದೂ ತೋರಿಸಬೇಕು. ಹಾಗಾಗಿ ಈ ದಾರಿ ಹಿಡಿಯುವವರು ಹೆಚ್ಚಾಗಿ ಕೂದಲೆಳೆಯಲ್ಲಿ ಸೋತವರು. ಮಾಲೂರಿನಲ್ಲಿ 2023ರಲ್ಲಿ ಅಂತರ ಇದ್ದದ್ದು 248 ಮತ. 2025ರ ಸೆಪ್ಟೆಂಬರಿನಲ್ಲಿ ಹೈಕೋರ್ಟ್ ಅಲ್ಲಿಯ ಆಯ್ಕೆಯನ್ನು ಅಸಿಂಧುಗೊಳಿಸಿ ಮರು ಎಣಿಕೆಗೆ ಆದೇಶಿಸಿತು, ಪ್ರಕರಣ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು.

ಆದರೆ ಇನ್ನು ಮೂರು ಕಾರಣಗಳಿಗೆ ಅಂತರ ಬೇಕಿಲ್ಲ. ಯಾರದಾದರೂ ನಾಮಪತ್ರವನ್ನು ತಪ್ಪಾಗಿ ತಿರಸ್ಕರಿಸಿದ್ದರೆ ಇಡೀ ಚುನಾವಣೆಯೇ ಹೋಗುತ್ತದೆ, ಆ ಅಭ್ಯರ್ಥಿಗೆ ಎಷ್ಟು ಮತ ಬೀಳುತ್ತಿತ್ತು ಎಂದು ಯಾರಿಗೂ ಹೇಳಲಾಗುವುದಿಲ್ಲವಲ್ಲ. ಗೆದ್ದವರಿಗೆ ಸ್ಪರ್ಧಿಸುವ ಅರ್ಹತೆಯೇ ಇರಲಿಲ್ಲ ಅಥವಾ ಅವರು ಅನರ್ಹರಾಗಿದ್ದರು ಎಂದಾದರೂ ಅಷ್ಟೇ. ಮುಧೋಳದಂಥ ಮೀಸಲು ಕ್ಷೇತ್ರದವರು ಈ ಎರಡನೆಯದನ್ನು ಚೆನ್ನಾಗಿ ತಿಳಿದಿರಬೇಕು. ಮುಳಬಾಗಿಲು ಮೀಸಲು ಕ್ಷೇತ್ರದಿಂದ 2013ರಲ್ಲಿ ಕೊತ್ತೂರು ಮಂಜುನಾಥ್ ಗೆದ್ದರು. ಅವರು ಪರಿಶಿಷ್ಟ ಜಾತಿಗೆ ಸೇರಿದವರಲ್ಲ ಎಂದು ಸೋತ ಅಭ್ಯರ್ಥಿ ತಕರಾರು ಎತ್ತಿದರು. 2018ರ ಏಪ್ರಿಲಿನಲ್ಲಿ, ಅಂದರೆ ಅವಧಿ ಮುಗಿಯುವ ಹೊತ್ತಿಗೆ, ಹೈಕೋರ್ಟ್ ಆ ವಾದವನ್ನು ಒಪ್ಪಿ ಆಯ್ಕೆಯನ್ನು ಅಸಿಂಧು ಎಂದಿತು. ಎಷ್ಟು ಮತಗಳಿಂದ ಗೆದ್ದಿದ್ದರು ಎಂಬುದು ಅಲ್ಲಿ ಪ್ರಶ್ನೆಯೇ ಆಗಿರಲಿಲ್ಲ.

ಮೂರನೆಯದು ಭ್ರಷ್ಟ ಆಚರಣೆ. ಅದಕ್ಕೆ ನಮ್ಮ ರಾಜ್ಯದ ಅತಿ ಉಪಯುಕ್ತ ಪಾಠ ಹಾಸನದ್ದು. 2019ರ ಮೇ 23ರಂದು ಹಾಸನ ಲೋಕಸಭಾ ಕ್ಷೇತ್ರದಲ್ಲಿ ಜೆಡಿಎಸ್‌ನ ಪ್ರಜ್ವಲ್ ರೇವಣ್ಣ ಬಿಜೆಪಿಯ ಎ. ಮಂಜು ಅವರನ್ನು 1,41,324 ಮತಗಳಿಂದ ಸೋಲಿಸಿದರು. ಮತ ಎಣಿಕೆಯಲ್ಲಿ ತಕರಾರು ತೆಗೆಯಲು ಅಲ್ಲಿ ಜಾಗವೇ ಇಲ್ಲ. ಆದರೂ ಎರಡು ಅರ್ಜಿಗಳು ಬಂದವು. ಒಂದು ಮಂಜು ಅವರದು, ಇನ್ನೊಂದು ಮತದಾರರಾಗಿ ಜಿ. ದೇವರಾಜೇಗೌಡ ಅವರದು. ನಾಮಪತ್ರದ ಜತೆ ಕೊಟ್ಟ ಅಫಿಡವಿಟ್ಟಿನಲ್ಲಿ ಆಸ್ತಿಯನ್ನು ಮುಚ್ಚಿಟ್ಟಿದ್ದಾರೆ, ಇದ್ದದ್ದಕ್ಕೆ ಕಡಿಮೆ ಬೆಲೆ ತೋರಿಸಿದ್ದಾರೆ ಎಂಬುದು ಮುಖ್ಯ ಆರೋಪ.

ಅಫಿಡವಿಟ್ಟಿನಲ್ಲಿ ಆಸ್ತಿ ಬಿಟ್ಟರೆ ಅದು ಭ್ರಷ್ಟ ಆಚರಣೆ ಹೇಗಾಗುತ್ತದೆ? 123ನೇ ಕಲಂ ಓದಿದರೆ ಅಲ್ಲಿ ಲಂಚ, ಅನುಚಿತ ಪ್ರಭಾವ, ಧರ್ಮ-ಜಾತಿ-ಭಾಷೆಯ ಹೆಸರಲ್ಲಿ ಮತ ಕೇಳುವುದು, ಎದುರಾಳಿಯ ನಡತೆಯ ಬಗ್ಗೆ ಗೊತ್ತಿದ್ದೂ ಸುಳ್ಳು ಹಬ್ಬಿಸುವುದು, ಮತದಾರರನ್ನು ವಾಹನದಲ್ಲಿ ಕರೆತರುವುದು, ಮಿತಿ ಮೀರಿದ ವೆಚ್ಚ, ಸರ್ಕಾರಿ ನೌಕರರ ಸಹಾಯ ಪಡೆಯುವುದು, ಮತಗಟ್ಟೆ ವಶ ಇವೆಲ್ಲ ಸಿಗುತ್ತವೆ. ಅಫಿಡವಿಟ್ ಎಂಬ ಮಾತು ಮಾತ್ರ ಸಿಗುವುದಿಲ್ಲ. ಕೊಂಡಿ ಬಂದದ್ದು 2015ರ ಕೃಷ್ಣಮೂರ್ತಿ ವಿರುದ್ಧ ಶಿವಕುಮಾರ್ ತೀರ್ಪಿನಿಂದ. ಅಭ್ಯರ್ಥಿ ತನ್ನ ಮೇಲಿನ ಗಂಭೀರ ಕ್ರಿಮಿನಲ್ ಪ್ರಕರಣಗಳನ್ನು ಮುಚ್ಚಿಟ್ಟರೆ ಮತದಾರ ತಿಳಿದು ಆಯ್ಕೆ ಮಾಡುವ ಅವಕಾಶವನ್ನೇ ಕಸಿದಂತೆ, ಹಾಗಾಗಿ ಅದು ಅನುಚಿತ ಪ್ರಭಾವ ಎಂದು ಸುಪ್ರೀಂ ಕೋರ್ಟ್ ಅಲ್ಲಿ ಹೇಳಿತು. ಆ ತರ್ಕ ಮುಂದೆ ಆಸ್ತಿ ಮುಚ್ಚಿಡುವುದಕ್ಕೂ ಹಬ್ಬಿತು.

ಇದಕ್ಕೂ ಒಂದು ಗಡಿ ಇದೆ. ಅರುಣಾಚಲ ಪ್ರದೇಶದ ಕಾರಿಖೋ ಕ್ರಿ ಪ್ರಕರಣದಲ್ಲಿ, 2024ರ ಏಪ್ರಿಲಿನಲ್ಲಿ, ಬಟ್ಟೆಬರೆ, ಚಪ್ಪಲಿ, ಪಾತ್ರೆಪಗಡೆ, ಪೀಠೋಪಕರಣಗಳನ್ನೆಲ್ಲ ಅಭ್ಯರ್ಥಿ ಬರೆಯುತ್ತಾ ಕೂರಬೇಕಿಲ್ಲ ಎಂದಿತು ಸುಪ್ರೀಂ ಕೋರ್ಟ್. ಬಿಟ್ಟುಹೋದ ಆಸ್ತಿ ದೊಡ್ಡದೋ, ಅಭ್ಯರ್ಥಿಯ ಜೀವನಮಟ್ಟ ಅಥವಾ ನಡವಳಿಕೆಯ ಬಗ್ಗೆ ಮತದಾರನಿಗೆ ಏನನ್ನಾದರೂ ಹೇಳುವಂಥದ್ದೋ ಎಂದು ನೋಡಬೇಕು. ನಮ್ಮ ಕಡೆಯ ಮಾತಲ್ಲಿ ಹೇಳುವುದಾದರೆ, ಅಟ್ಟದ ಮೇಲಿನ ಹಳೇ ಕೈಮಗ್ಗ ಬಿಟ್ಟುಹೋದರೆ ಗೆಲುವು ಹೋಗುವುದಿಲ್ಲ. ಸಕ್ಕರೆ ಕಾರ್ಖಾನೆಯಲ್ಲಿ ಹೆಂಡತಿಯ ಹೆಸರಲ್ಲಿರುವ ದೊಡ್ಡ ಮೊತ್ತದ ಷೇರು ಬಿಟ್ಟುಹೋದರೆ ಉತ್ತರ ಕೊಡಬೇಕಾಗುತ್ತದೆ, ಏಕೆಂದರೆ ನಮೂನೆ 26ರಲ್ಲಿ ಗಂಡ-ಹೆಂಡತಿ ಮತ್ತು ಅವಲಂಬಿತರ ಆಸ್ತಿಗೂ ಕಾಲಮ್ ಇದೆ.

ಹಾಸನಕ್ಕೆ ಮರಳಿದರೆ, ಮಂಜು ಅವರ ಅರ್ಜಿ ಮೊದಲ ಸುತ್ತಿನಲ್ಲೇ ಬಿತ್ತು. ಭ್ರಷ್ಟ ಆಚರಣೆಯ ಆರೋಪ ಮಾಡುವ ಅರ್ಜಿದಾರ ನಮೂನೆ 25ರಲ್ಲಿ ಬೇರೆಯೇ ಒಂದು ಪ್ರಮಾಣಪತ್ರ ಕೊಟ್ಟು ಆ ಆರೋಪಕ್ಕೆ ಹೊಣೆ ಹೊರಬೇಕು. ಯಾವ ಪ್ಯಾರಾದ ವಿಷಯ ತನಗೆ ಸ್ವತಃ ಗೊತ್ತಿರುವುದು, ಯಾವುದು ಬೇರೆಯವರಿಂದ ಕೇಳಿ ತಿಳಿದದ್ದು ಎಂದು ಅದರಲ್ಲಿ ಬಿಡಿಸಿ ಹೇಳಬೇಕು. ಮಂಜು ಅವರ ಅರ್ಜಿಯಲ್ಲಿ ಅದು ಇರಲಿಲ್ಲ. 2020ರ ಜನವರಿಯಲ್ಲಿ ಹೈಕೋರ್ಟ್ ಅರ್ಜಿಯನ್ನು ವಜಾ ಮಾಡಿತು. ಅವರು ಸುಪ್ರೀಂ ಕೋರ್ಟಿಗೆ ಹೋದರು. 2021ರ ಡಿಸೆಂಬರ್ 13ರಂದು ನ್ಯಾಯಮೂರ್ತಿಗಳಾದ ಸಂಜಯ್ ಕಿಶನ್ ಕೌಲ್ ಮತ್ತು ಎಂ.ಎಂ. ಸುಂದರೇಶ್ ಅವರ ಪೀಠ ಆ ಕೊರತೆ ತುಂಬಿಸಿಕೊಳ್ಳಬಹುದಾದದ್ದು ಎಂದು ಹೇಳಿ ಅರ್ಜಿಗೆ ಮರುಜೀವ ಕೊಟ್ಟಿತು. ಇದಕ್ಕೆ ಆಧಾರವಾದ ಹಿಂದಿನ ತೀರ್ಪೂ ಕರ್ನಾಟಕದ್ದೇ: ದಾವಣಗೆರೆಯ ಸಂಸದರಾಗಿದ್ದ ಜಿ.ಎಂ. ಸಿದ್ದೇಶ್ವರ ಅವರ 2013ರ ಪ್ರಕರಣ.

ಈ ಜಾಗದಲ್ಲಿ ಸ್ವಲ್ಪ ನಿಲ್ಲಬೇಕು, ಪರೀಕ್ಷೆಯಲ್ಲೂ ವಕೀಲಿಯಲ್ಲೂ ಹೆಚ್ಚು ಮಂದಿ ಎಡವುವುದು ಇಲ್ಲೇ. ಯಾವ ತಪ್ಪಿಗೆ ಅರ್ಜಿಯನ್ನು ವಜಾ ಮಾಡಲೇಬೇಕು ಎಂದು 86(1)ನೇ ಕಲಂ ಮೂರು ಕಲಂಗಳ ಹೆಸರು ಹೇಳುತ್ತದೆ: 81, 82 ಮತ್ತು 117. ಅಂದರೆ ಅವಧಿ, ಎಷ್ಟು ಪ್ರತಿವಾದಿಗಳೋ ಅಷ್ಟು ಪ್ರತಿ, ಪ್ರತಿಯೊಂದಕ್ಕೂ ಅರ್ಜಿದಾರನ ಸಹಿಯ ದೃಢೀಕರಣ, ಸರಿಯಾದ ಪ್ರತಿವಾದಿಗಳು, ಠೇವಣಿ. ನಮೂನೆ 25 ಬರುವುದು 83ನೇ ಕಲಂನಿಂದ. ಅದು ಆ ಮೂರರ ಪಟ್ಟಿಯಲ್ಲಿಲ್ಲ. ಹಾಗಾಗಿ ಒಂದು ಗುಂಪಿನ ತಪ್ಪು ಪ್ರಾಣಾಂತಿಕ, ಇನ್ನೊಂದು ಗುಂಪಿನದು ತಿದ್ದಬಹುದಾದದ್ದು. ಆದರೆ ಇದನ್ನೇ ನಂಬಿ 83ನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಮೂಲಭೂತ ಸಂಗತಿಗಳನ್ನೇ ಬರೆಯದಿದ್ದರೆ ದಾವೆಗೆ ಕಾರಣವೇ ಇಲ್ಲ ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ ದಾರಿಯಿಂದ ಅರ್ಜಿ ಬಿದ್ದುಹೋಗುತ್ತದೆ, 45 ದಿನ ಕಳೆದ ಮೇಲೆ ಹೊಸ ಸಂಗತಿ ಸೇರಿಸಲು ಬಿಡುವುದಿಲ್ಲ.

82ನೇ ಕಲಂನ ಉರುಳು ಬೇರೆ. ಗೆದ್ದವರ ಆಯ್ಕೆ ರದ್ದಾದರೆ ಸಾಕು ಎಂದಾದರೆ ಗೆದ್ದವರೊಬ್ಬರನ್ನು ಪ್ರತಿವಾದಿ ಮಾಡಿದರೆ ನಡೆಯುತ್ತದೆ. ನನ್ನನ್ನೇ ಗೆದ್ದವನೆಂದು ಘೋಷಿಸಿ ಎಂದೂ ಕೇಳಿದರೆ ಕಣದಲ್ಲಿದ್ದ ಎಲ್ಲ ಅಭ್ಯರ್ಥಿಗಳೂ ಪ್ರತಿವಾದಿಗಳಾಗಬೇಕು. ಇದರ ಮೇಲೆ, ಅರ್ಜಿಯ ಯಾವುದೋ ಮೂಲೆಯಲ್ಲಿ ಇನ್ನೊಬ್ಬ ಅಭ್ಯರ್ಥಿ ಹಣ ಹಂಚಿದ ಎಂದು ಒಂದು ವಾಕ್ಯ ಬರೆದಿದ್ದರೆ ಅವನನ್ನೂ ಸೇರಿಸಲೇಬೇಕು, ಅವನು ನಾಮಪತ್ರ ಹಿಂದೆ ಪಡೆದವನಾಗಿದ್ದರೂ ಸರಿ. ಸಿಟ್ಟಿನಲ್ಲಿ ಬರೆದ ಒಂದು ಸಾಲಿಗೆ ಇಡೀ ಅರ್ಜಿ ಬಲಿಯಾಗಬಹುದು.

ಮೂಲಭೂತ ಸಂಗತಿ ಎಂದರೆ ಎಷ್ಟು ವಿವರ? ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳೋಣ. ಬನಹಟ್ಟಿಯ ಒಂದು ಓಣಿಯಲ್ಲಿ ಮತದಾನದ ಹಿಂದಿನ ದಿನ ಸೀರೆ ಹಂಚಿದರು ಎಂಬ ಆರೋಪ. 'ಎದುರಾಳಿ ಕ್ಷೇತ್ರದ ತುಂಬ ಸೀರೆ ಹಂಚಿ ಮತದಾರರಿಗೆ ಆಮಿಷ ಒಡ್ಡಿದ್ದಾರೆ' ಎಂದು ಬರೆದರೆ ಅದು ಪತ್ರಿಕಾ ಹೇಳಿಕೆಯಾಗುತ್ತದೆ, ಅರ್ಜಿಯಾಗುವುದಿಲ್ಲ. ಯಾವ ದಿನ, ಎಷ್ಟು ಗಂಟೆಗೆ, ಯಾವ ಓಣಿಯ ಯಾರ ಮನೆಯ ಮುಂದೆ, ಯಾವ ಟಂಟಂನಲ್ಲಿ ಗಂಟು ಬಂತು, ಹಂಚಿದವರ ಹೆಸರೇನು, ತೆಗೆದುಕೊಂಡವರಲ್ಲಿ ಯಾರ್ಯಾರು, ಕೊಡುವಾಗ ಯಾರಿಗೆ ಮತ ಹಾಕಲು ಹೇಳಿದರು ಎಂದು ಬರೆಯಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು, ಹಂಚಿದವನಿಗೂ ಅಭ್ಯರ್ಥಿಗೂ ಏನು ಸಂಬಂಧ. ಅಭ್ಯರ್ಥಿಯೇ ಹಂಚಿದ್ದರೆ, ಅವನ ಚುನಾವಣಾ ಏಜೆಂಟ್ ಹಂಚಿದ್ದರೆ ಅಥವಾ ಇವರಿಬ್ಬರಲ್ಲಿ ಒಬ್ಬರ ಒಪ್ಪಿಗೆಯಿಂದ ಇನ್ಯಾರೋ ಹಂಚಿದ್ದರೆ 100(1)(ಬಿ) ತಾಗುತ್ತದೆ. ಆಗ ನಾಲ್ಕೇ ಸೀರೆಯಾದರೂ ಗೆಲುವು ಹೋಗುತ್ತದೆ, ಅಂತರ ಲಕ್ಷವಿದ್ದರೂ ಕಾಯುವುದಿಲ್ಲ. ಚುನಾವಣಾ ಏಜೆಂಟ್ ಅಲ್ಲದ ಬೇರೆ ಏಜೆಂಟನೊಬ್ಬ ಅಭ್ಯರ್ಥಿಯ ಹಿತಕ್ಕೆಂದು, ಆದರೆ ಒಪ್ಪಿಗೆ ಇಲ್ಲದೆ ಹಂಚಿದ್ದರೆ ಮತ್ತೆ (ಡಿ) ಗುಂಪಿಗೇ ಬಂದು ಬೀಳುತ್ತೀರಿ: ಇದರಿಂದ ಫಲಿತಾಂಶ ಬದಲಾಯಿತು ಎಂದು ತೋರಿಸಿ. ಒಪ್ಪಿಗೆ ಎಂಬ ಒಂದು ಸಂಗತಿ ಇಡೀ ಲೆಕ್ಕವನ್ನು ತಿರುಗಿಸುತ್ತದೆ. ಸಾಕ್ಷಿ ಸಿಗುವುದು ಕಷ್ಟವಾಗುವುದೂ ಅದಕ್ಕೇ. ಸೀರೆ ತೆಗೆದುಕೊಂಡವರು ಕೋರ್ಟಿಗೆ ಬಂದು 'ಹೌದು, ತಗೊಂಡೀನಿ' ಎಂದರೂ ಅದು ಅಭ್ಯರ್ಥಿಯ ಒಪ್ಪಿಗೆಗೆ ಸಾಕ್ಷಿಯಾಗುವುದಿಲ್ಲ.

ದಿನಾಂಕದ ವಿಷಯದಲ್ಲಿ ಜನಸಾಮಾನ್ಯರಿಗೆ ಅಚ್ಚರಿಯಾಗುವ ಇನ್ನೊಂದು ಮಾತಿದೆ. ಚುನಾವಣೆ ವರ್ಷದ ಸಂಕ್ರಾಂತಿಗೆ ಕುಕ್ಕರು, ಯುಗಾದಿಗೆ ರೇಷನ್ ಕಿಟ್ ಹಂಚಿದ ಟಿಕೆಟ್ ಆಕಾಂಕ್ಷಿಗಳನ್ನು ನಾವೆಲ್ಲ ನೋಡಿದ್ದೇವೆ. ನಾಮಪತ್ರ ಸಲ್ಲಿಸುವ ಮುಂಚೆ ಮಾಡಿದ್ದು 123ನೇ ಕಲಂನ ಭ್ರಷ್ಟ ಆಚರಣೆಯಾಗುವುದಿಲ್ಲ, ಏಕೆಂದರೆ 79ನೇ ಕಲಂ ಪ್ರಕಾರ ಅಭ್ಯರ್ಥಿ ಎಂದರೆ ನಾಮನಿರ್ದೇಶನವಾದವನು. ಹಿಂದೆ, ತಾನು ಅಭ್ಯರ್ಥಿ ಎಂದು ಹೇಳಿಕೊಂಡು ಓಡಾಡಲು ಶುರು ಮಾಡಿದ ದಿನದಿಂದಲೇ ಲೆಕ್ಕವಿತ್ತು. 1975ರಲ್ಲಿ, ಇಂದಿರಾ ಗಾಂಧಿಯವರ ರಾಯಬರೇಲಿ ಗೆಲುವನ್ನು ಅಲಹಾಬಾದ್ ಹೈಕೋರ್ಟ್ ರದ್ದು ಮಾಡಿದ ಬೆನ್ನಿಗೆ, ಸಂಸತ್ತು ಈ ವ್ಯಾಖ್ಯೆಯನ್ನು ಬದಲಿಸಿತು. ಆ ತಿದ್ದುಪಡಿ ಬಿಟ್ಟುಹೋದ ಕಂಡಿಯಲ್ಲೇ ಈಗ ಕುಕ್ಕರುಗಳು ಹರಿದು ಬರುತ್ತಿವೆ ಎಂಬುದು ನನ್ನ ಅಭಿಪ್ರಾಯ. ಸರಿಪಡಿಸುವ ಉತ್ಸಾಹ ಯಾವ ಪಕ್ಷಕ್ಕೂ ಬಂದಿಲ್ಲ.

ಇದೇ ಸಾಲಿನಲ್ಲಿ ಗ್ಯಾರಂಟಿ ಯೋಜನೆಗಳ ಪ್ರಶ್ನೆಯೂ ಬಂತು. 2023ರ ಚುನಾವಣೆಯಲ್ಲಿ ಕಾಂಗ್ರೆಸ್ ಕೊಟ್ಟ ಗ್ಯಾರಂಟಿಗಳೇ ಲಂಚ ಎಂದು ಚಾಮರಾಜಪೇಟೆಯ ಮತದಾರರೊಬ್ಬರು ಜಮೀರ್ ಅಹ್ಮದ್ ಖಾನ್ ಅವರ ಆಯ್ಕೆಯನ್ನು ಪ್ರಶ್ನಿಸಿದರು. ಪಕ್ಷವೊಂದು ಪ್ರಣಾಳಿಕೆಯಲ್ಲಿ ಘೋಷಿಸುವ ನೀತಿಯನ್ನು ಅಭ್ಯರ್ಥಿ ಮಾಡಿದ ಭ್ರಷ್ಟ ಆಚರಣೆ ಎನ್ನಲಾಗದು ಎಂದು ಹೈಕೋರ್ಟ್ ಹೇಳಿತು, 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಮೇಲ್ಮನವಿಯನ್ನೂ ತಳ್ಳಿಹಾಕಿತು. ಸೀರೆಗೂ ಗ್ಯಾರಂಟಿಗೂ ನೀತಿಯ ದೃಷ್ಟಿಯಲ್ಲಿ ಎಷ್ಟು ಅಂತರವಿದೆ ಎಂಬ ಚರ್ಚೆ ಬೇರೆ. ಈ ಕಾಯ್ದೆಯ ಮಟ್ಟಿಗೆ ಅವೆರಡೂ ಬೇರೆ ಬೇರೆ.

ಮರುಜೀವ ಪಡೆದ ಹಾಸನದ ಅರ್ಜಿ ವಿಚಾರಣೆಗೆ ಬಂತು. ಭ್ರಷ್ಟ ಆಚರಣೆಯ ಆರೋಪಕ್ಕೆ ಬೇಕಾದ ಪುರಾವೆ ಸಾಮಾನ್ಯ ಸಿವಿಲ್ ದಾವೆಯದಲ್ಲ, ಕ್ರಿಮಿನಲ್ ಕೇಸಿನಷ್ಟೇ ಗಟ್ಟಿಯಾಗಿರಬೇಕು. 'ಇವರು ಹೇಳುವುದೇ ಹೆಚ್ಚು ನಿಜವಿರಬಹುದು' ಎಂಬ ಮಟ್ಟ ಸಾಲುವುದಿಲ್ಲ. ಆಸ್ತಿಯ ಆರೋಪಕ್ಕೆ ಇಲ್ಲೊಂದು ಅನುಕೂಲವಿದೆ: ಸೀರೆಯಂತೆ ಬಾಯಿಮಾತಿನ ಸಾಕ್ಷಿಯನ್ನೇ ನೆಚ್ಚಬೇಕಿಲ್ಲ. ಬ್ಯಾಂಕಿನ ದಾಖಲೆ, ಉಪನೋಂದಣಿ ಕಚೇರಿಯ ಪತ್ರ, ಪಹಣಿ ತರಿಸಿ ಅಫಿಡವಿಟ್ಟಿನ ಪಕ್ಕದಲ್ಲಿಟ್ಟರೆ ವ್ಯತ್ಯಾಸ ಕಾಣುತ್ತದೆ. 2023ರ ಸೆಪ್ಟೆಂಬರ್ 1ರಂದು ನ್ಯಾಯಮೂರ್ತಿ ಕೆ. ನಟರಾಜನ್ ಪ್ರಜ್ವಲ್ ಅವರ ಆಯ್ಕೆಯನ್ನು ಅಸಿಂಧು ಎಂದು ಘೋಷಿಸಿದರು. 1,41,324ರ ಅಂತರ ಯಾವ ರಕ್ಷಣೆಯನ್ನೂ ಕೊಡಲಿಲ್ಲ.

ಮಂಜು ತನ್ನನ್ನೇ ಚುನಾಯಿತನೆಂದು ಘೋಷಿಸಲು ಕೇಳಿದ್ದರು, ಅದನ್ನು ಮಾತ್ರ ಹೈಕೋರ್ಟ್ ಕೊಡಲಿಲ್ಲ. ಗೆದ್ದವರು ಬಿದ್ದರೆ ಎರಡನೆಯವರು ತಾನಾಗಿ ಗೆದ್ದಂತೆ ಎಂದು ಜನ ಭಾವಿಸುತ್ತಾರೆ, ಕಾಯ್ದೆಯ 101ನೇ ಕಲಂ ಹಾಗೆ ಹೇಳುವುದಿಲ್ಲ. ಅರ್ಜಿದಾರನಿಗೇ ಹೆಚ್ಚು ಸಿಂಧು ಮತ ಬಿದ್ದಿತ್ತು, ಅಥವಾ ಭ್ರಷ್ಟ ಆಚರಣೆಯಿಂದ ಗಳಿಸಿದ ಮತಗಳನ್ನು ಕಳೆದರೆ ಅವನೇ ಮುಂದಿರುತ್ತಿದ್ದ ಎಂದು ಕಾಣಬೇಕು. ಸ್ಥಾನ ಕೇಳುವವರಿಗೆ ಇನ್ನೊಂದು ಅಪಾಯವೂ ಇದೆ. ಹಾಗೆ ಕೇಳಿದ ಕೂಡಲೇ ಗೆದ್ದವರು 97ನೇ ಕಲಂ ಪ್ರಕಾರ ತಿರುಗಿ ನಿಂತು, ಇವರು ಗೆದ್ದಿದ್ದರೂ ಇವರ ಆಯ್ಕೆ ರದ್ದಾಗುವಂಥದ್ದೇ ಆಗಿತ್ತು ಎಂದು ಪ್ರತ್ಯಾರೋಪ ಸಾಬೀತು ಮಾಡಬಹುದು. ರದ್ದತಿಯನ್ನಷ್ಟೇ ಕೇಳಿದವರಿಗೆ ಈ ತೊಡಕಿಲ್ಲ.

ಹಾಸನದ ಕಥೆಯಲ್ಲಿ ರಾಜಕೀಯ ಬಲ್ಲವರು ನಗುವ ತಿರುವೊಂದಿದೆ. ತೀರ್ಪು ಬರುವ ಹೊತ್ತಿಗೆ ಎ. ಮಂಜು ಜೆಡಿಎಸ್ ಸೇರಿ, 2023ರ ಮೇನಲ್ಲಿ ಅರಕಲಗೂಡಿನಿಂದ ಅದೇ ಪಕ್ಷದ ಶಾಸಕರಾಗಿದ್ದರು. ಅರ್ಜಿದಾರ ಮತ್ತು ಪ್ರತಿವಾದಿ ಒಂದೇ ಪಕ್ಷದಲ್ಲಿ! ಸಾಮಾನ್ಯ ದಾವೆಯಾಗಿದ್ದರೆ ರಾಜಿ ಮಾಡಿಕೊಂಡು ಮನೆಗೆ ಹೋಗಬಹುದಿತ್ತು. ಚುನಾವಣಾ ಅರ್ಜಿಯನ್ನು ಹಾಗೆ ವಾಪಸು ಪಡೆಯಲಾಗದು. ಹೈಕೋರ್ಟಿನ ಅನುಮತಿ ಬೇಕು. ಆ ಕೋರಿಕೆಯ ಹಿಂದೆ ಹಣದ ಅಥವಾ ಬೇರೆ ಒಳಒಪ್ಪಂದವಿದೆ ಎಂದು ಕಂಡರೆ ಅನುಮತಿ ಸಿಗುವುದಿಲ್ಲ. ಅನುಮತಿ ಸಿಕ್ಕರೂ ಅದು ರಾಜ್ಯಪತ್ರದಲ್ಲಿ ಪ್ರಕಟವಾಗಬೇಕು, ಅರ್ಜಿ ಹಾಕಲು ಹಕ್ಕಿದ್ದ ಬೇರೆ ಯಾರೇ ಆಗಲಿ ಮುಂದೆ ಬಂದು ಅದನ್ನು ಮುಂದುವರಿಸಬಹುದು. ಅರ್ಜಿ ಹಾಕಿದ ಮೇಲೆ ಅದು ಕ್ಷೇತ್ರದ್ದು, ಹಾಕಿದವನದಷ್ಟೇ ಅಲ್ಲ ಎಂಬ ತತ್ವ ಇದು. ಹಾಸನದಲ್ಲಿ ಮತದಾರನೊಬ್ಬನ ಅರ್ಜಿಯೂ ಜತೆಗೇ ಇತ್ತೆಂಬುದನ್ನು ಮರೆಯಬಾರದು.

ತೀರ್ಪು ಬಂದ ಮರುದಿನ ಪತ್ರಿಕೆಗಳಲ್ಲಿ 'ಆರು ವರ್ಷ ಅನರ್ಹ' ಎಂಬ ಶೀರ್ಷಿಕೆ ಬರುತ್ತದೆ. ನಡೆಯುವುದು ಅಷ್ಟು ನೇರವಾಗಿಲ್ಲ. ಭ್ರಷ್ಟ ಆಚರಣೆ ಸಾಬೀತಾಗಿದೆ ಎಂದು ಹೈಕೋರ್ಟ್ ದಾಖಲಿಸುತ್ತದೆ. 8ಎ ಕಲಂ ಪ್ರಕಾರ ಆ ವಿಷಯ ರಾಷ್ಟ್ರಪತಿಗಳ ಮುಂದೆ ಹೋಗಬೇಕು. ರಾಷ್ಟ್ರಪತಿಗಳು ಚುನಾವಣಾ ಆಯೋಗದ ಅಭಿಪ್ರಾಯ ಕೇಳಿ, ಅದರಂತೆ ಅನರ್ಹತೆ ಬೇಕೇ, ಬೇಕಾದರೆ ಎಷ್ಟು ಕಾಲ ಎಂದು ತೀರ್ಮಾನಿಸುತ್ತಾರೆ. ಆರು ವರ್ಷ ಎಂಬುದು ಗರಿಷ್ಠ ಮಿತಿ. ಗೆಲುವು ರದ್ದಾಗುವುದು ಒಂದು, ಮುಂದೆ ಸ್ಪರ್ಧಿಸದಂತೆ ಅನರ್ಹರಾಗುವುದು ಇನ್ನೊಂದು. ಮುಳಬಾಗಿಲಿನಂತೆ ಜಾತಿಯ ಕಾರಣಕ್ಕೆ ಮೀಸಲು ಕ್ಷೇತ್ರದ ಗೆಲುವು ಹೋದರೆ ಈ 8ಎ ಬರುವುದೇ ಇಲ್ಲ.

ಅನರ್ಹತೆಗೆ ಚುನಾವಣಾ ಅರ್ಜಿಯ ಅಗತ್ಯವೇ ಇಲ್ಲದ ದಾರಿಗಳೂ ಇವೆ. ಅವನ್ನು ಇದರ ಜತೆ ಕಲಸಬಾರದು. ನಮ್ಮ ನೆರೆಯ ಗೋಕಾಕ ಮತ್ತು ಅಥಣಿಯ ಶಾಸಕರಾಗಿದ್ದ ರಮೇಶ ಜಾರಕಿಹೊಳಿ, ಮಹೇಶ ಕುಮಠಳ್ಳಿ ಅವರನ್ನು 2019ರ ಜುಲೈ 25ರಂದು ಅನರ್ಹಗೊಳಿಸಿದ್ದು ವಿಧಾನಸಭಾಧ್ಯಕ್ಷರು, ಹತ್ತನೇ ಅನುಸೂಚಿಯ ಪಕ್ಷಾಂತರ ನಿಷೇಧದ ಅಡಿಯಲ್ಲಿ. ವಿಧಾನಸಭೆಯ ಉಳಿದ ಅವಧಿಗೆ ಸ್ಪರ್ಧಿಸುವಂತಿಲ್ಲ ಎಂದೂ ಅವರು ಆದೇಶಿಸಿದ್ದರು. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದು, ಸ್ಪರ್ಧೆಯ ಮೇಲಿನ ನಿಷೇಧವನ್ನು ಕಿತ್ತುಹಾಕಿತು, ಅಂಥ ಅಧಿಕಾರ ಸಭಾಧ್ಯಕ್ಷರಿಗಿಲ್ಲ ಎಂದು. ಡಿಸೆಂಬರಿನ ಉಪಚುನಾವಣೆಯಲ್ಲಿ ಇಬ್ಬರೂ ಮತ್ತೆ ಗೆದ್ದು ಬಂದರು. ಇನ್ನೊಂದು ದಾರಿ ಶಿಕ್ಷೆಯದು. ಓಬಳಾಪುರಂ ಗಣಿ ಪ್ರಕರಣದಲ್ಲಿ 2025ರ ಮೇ 6ರಂದು ಹೈದರಾಬಾದಿನ ಸಿಬಿಐ ನ್ಯಾಯಾಲಯ ಏಳು ವರ್ಷದ ಶಿಕ್ಷೆ ವಿಧಿಸಿದ ದಿನದಿಂದಲೇ ಗಂಗಾವತಿಯ ಜನಾರ್ದನ ರೆಡ್ಡಿ ಅವರ ಶಾಸಕತ್ವ ಹೋಯಿತು, ಜೂನ್‌ನಲ್ಲಿ ತೆಲಂಗಾಣ ಹೈಕೋರ್ಟ್ ತಡೆ ಕೊಟ್ಟಾಗ ಮರಳಿ ಬಂತು. ಅಲ್ಲಿ ಮತದಾರ ಅರ್ಜಿ ಹಾಕಬೇಕಾಗಿಲ್ಲ, 45 ದಿನದ ಲೆಕ್ಕವೂ ಇಲ್ಲ.

ಚುನಾವಣಾ ಅರ್ಜಿಯ ದೊಡ್ಡ ಕಾಯಿಲೆ ಕಾಲ. ಆರು ತಿಂಗಳಲ್ಲಿ ವಿಚಾರಣೆ ಮುಗಿಸಲು ಪ್ರಯತ್ನಿಸಬೇಕು ಎಂದು 86(7) ಹೇಳುತ್ತದೆ. ಹಾಸನಕ್ಕೆ ನಾಲ್ಕು ವರ್ಷ ಹಿಡಿಯಿತು, ಮುಳಬಾಗಿಲಿಗೆ ಸುಮಾರು ಐದು. ತೀರ್ಪು ಬಂದ 30 ದಿನದೊಳಗೆ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹೋಗುತ್ತದೆ, ತಡೆಯಾಜ್ಞೆ ಬರುತ್ತದೆ. ಪ್ರಜ್ವಲ್ ಅವರಿಗೂ 2023ರ ಸೆಪ್ಟೆಂಬರ್ 18ರಂದು ಷರತ್ತುಬದ್ಧ ತಡೆ ಸಿಕ್ಕಿತು, ಮರುವರ್ಷ ಆ ಲೋಕಸಭೆಯ ಅವಧಿಯೇ ಮುಗಿಯಿತು. ಹಾಗಿದ್ದರೆ ಅವಧಿ ಮುಗಿದ ಸದನದ ಅರ್ಜಿಗೆ ಏನು ಉಳಿಯುತ್ತದೆ? ಎಣಿಕೆಯ ತಕರಾರಾಗಿದ್ದರೆ ಏನೂ ಉಳಿಯುವುದಿಲ್ಲ, ಕೂರಲು ಕುರ್ಚಿಯೇ ಇಲ್ಲ. ಭ್ರಷ್ಟ ಆಚರಣೆಯ ಆರೋಪವಿದ್ದರೆ ಮಾತ್ರ ಸದನ ಹೋದರೂ ಅರ್ಜಿ ಬದುಕಿರುತ್ತದೆ, ಏಕೆಂದರೆ ಆ ತೀರ್ಮಾನದ ಮೇಲೆ 8ಎ ಕಲಂನ ಆರು ವರ್ಷದವರೆಗಿನ ಅನರ್ಹತೆ ನಿಂತಿದೆ. ವಕೀಲರು ಅರ್ಜಿ ಬರೆಯುವಾಗ ಎಣಿಕೆಯ ತಕರಾರಿನ ಜತೆಗೆ ಭ್ರಷ್ಟ ಆಚರಣೆಯ ಒಂದು ಪ್ಯಾರಾವನ್ನಾದರೂ ಸೇರಿಸಲು ಹವಣಿಸುವುದು ಇದಕ್ಕೇ. ಆ ಪ್ಯಾರಾ ಸೇರಿಸಿದ ಮೇಲೆ ನಮೂನೆ 25 ಲಗತ್ತಿಸಿದೆಯೇ, ಅದರಲ್ಲಿ ಹೆಸರು ಬಂದ ಪ್ರತಿ ಅಭ್ಯರ್ಥಿಯೂ ಪ್ರತಿವಾದಿಗಳ ಪಟ್ಟಿಯಲ್ಲಿದ್ದಾನೆಯೇ ಎಂದು 45ನೇ ದಿನಕ್ಕೆ ಮುಂಚೆ ಇನ್ನೊಮ್ಮೆ ನೋಡಿಕೊಳ್ಳಬೇಕು.